ಮಳೆ ಪುಸ್ತಕದ ಖಾಲಿ ಮನೆಗಳನ್ನು ಏನು ಮಾಡುವುದು?

ಮೂಡಿಗೆರೆ ಕಡೆ ಕಾಫಿ ತೋಟ ಇರುವ ಚಿಕ್ಕಪ್ಪ ಒಂದು ವರ್ಷದ ಮಳೆ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿಸಿ ಕಳಿಸಿದರು. ಜೊತೆಗೆ ಒಂದೇ ಸಾಲು: "ಸುಮ್ನೆ ನೋಡಿ ಏನಾದ್ರೂ ಹೇಳು ಮಾರಾಯ." ದಿನಕ್ಕೊಂದು ಸಾಲು, ಮಳೆ ಇಂಚಿನಲ್ಲಿ. ಅರ್ಧಕ್ಕಿಂತ ಜಾಸ್ತಿ ಮನೆಗಳು ಖಾಲಿ.

ಇಂಥದ್ದು ಕೈಗೆ ಬಂದಾಗ ಮೊದಲು ಸರಾಸರಿ ತೆಗೆಯಬೇಡಿ. ಮೂಲ ಹಾಳೆಯ ಪ್ರತಿಯೊಂದನ್ನು ಬೇರೆ ಇಟ್ಟುಕೊಂಡು, ಖಾಲಿಗಳನ್ನು ಎಣಿಸಿ.

```
=COUNTBLANK(B2:B366)
=COUNTIF(B2:B366,0)
```

ಎರಡನೆಯದು ಸೊನ್ನೆ ಎಂದು ಬರೆದ ಮನೆಗಳನ್ನಷ್ಟೇ ಎಣಿಸುತ್ತದೆ, ಖಾಲಿಯನ್ನಲ್ಲ. ನನಗೆ ಬಂದ ಉತ್ತರ 0. ಅಂದರೆ ಈ ಪುಸ್ತಕದಲ್ಲಿ ಯಾರೂ ಸೊನ್ನೆ ಬರೆದೇ ಇಲ್ಲ. ಮಳೆ ಬಾರದ ದಿನ ಮನೆ ಖಾಲಿ ಬಿಡುವುದು ಅಲ್ಲಿಯ ರೂಢಿ. ಜನವರಿ, ಫೆಬ್ರವರಿಯ ಖಾಲಿಗಳೆಲ್ಲ ಸೊನ್ನೆ ಎಂದು ಧೈರ್ಯವಾಗಿ ಹೇಳಬಹುದು.

ಜುಲೈಗೆ ಬಂದರೆ ಆ ಧೈರ್ಯ ಉಳಿಯುವುದಿಲ್ಲ. ಮಲೆನಾಡಿನ ಜುಲೈನಲ್ಲಿ 8 ದಿನ ಮಳೆಯೇ ಇಲ್ಲ ಅಂದರೆ ಯಾರು ನಂಬುತ್ತಾರೆ? ತುಂಬಿದ ಮನೆಗಳು 23, ಮೊತ್ತ 34.50 ಇಂಚು. AVERAGE ಖಾಲಿ ಮನೆಗಳನ್ನು ಬಿಟ್ಟೇ ಭಾಗಿಸುತ್ತದೆ, ಹಾಗಾಗಿ ದಿನಕ್ಕೆ 1.50 ಬರುತ್ತದೆ. ಅದೇ ಮೊತ್ತವನ್ನು 31ರಿಂದ ಭಾಗಿಸಿದರೆ 1.11. ಖಾಲಿಗೆ ಯಾವ ಅರ್ಥ ಎಂದು ನಾವು ಹೇಳದಿದ್ದರೆ ಸೂತ್ರವೇ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ಮುಂದಿನ ಹೆಜ್ಜೆ, ಪಕ್ಕದಲ್ಲಿ ವಾರದ ಹೆಸರಿನ ಕಾಲಂ ಹಾಕುವುದು. ಹಾಕಿದ ಕೂಡಲೇ 4 ಖಾಲಿಗಳು ಭಾನುವಾರ ಎಂದು ಗೊತ್ತಾಯಿತು. ಸೋಮವಾರಗಳ ಸರಾಸರಿ 2.60 ಇಂಚು, ಉಳಿದ ದಿನಗಳದ್ದು 1.27. ಹೆಚ್ಚುಕಮ್ಮಿ ದುಪ್ಪಟ್ಟು. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಭಾನುವಾರ ರಜೆ. ಎರಡು ದಿನದ ನೀರನ್ನು ಸೋಮವಾರ ಒಟ್ಟಿಗೆ ಅಳೆದಿದ್ದಾರೆ. ಇಲ್ಲಿ ಮಳೆ ಕಳೆದುಹೋಗಿಲ್ಲ, ಪಕ್ಕದ ಮನೆಗೆ ಸೇರಿಕೊಂಡಿದೆ.

ಉಳಿದ 4 ಖಾಲಿಗಳು 13ರಿಂದ 16ರವರೆಗೆ, ಮಂಗಳವಾರದಿಂದ ಶುಕ್ರವಾರ. ಶನಿವಾರ ಬರೀ 0.90 ಇದೆ, ಆದ್ದರಿಂದ ಅದು ಐದು ದಿನದ ಕೂಡಿದ ನೀರಲ್ಲ. ಫೋನ್ ಮಾಡಿದೆ. "ಹಳ್ಳ ತುಂಬಿ ದಾರಿ ಕಟ್ಟಾಗಿತ್ತಲ್ಲ, ರೈಟರ್ ಬಂದಿದ್ದೇ ಶುಕ್ರವಾರ ಬೆಳಿಗ್ಗೆ. ಮಳೆಮಾಪಕ ತುಂಬಿ ಹೊರಗೆ ಚೆಲ್ಲಿತ್ತು, ಅಳೆಯೋದೇನು, ಸುರಿದು ಮತ್ತೆ ಇಟ್ಟ" ಎಂದರು ಚಿಕ್ಕಪ್ಪ.

ನನ್ನ ಪ್ರಕಾರ ಇಡೀ ಕೆಲಸದ ಗಂಟು ಇರುವುದು ಇಲ್ಲೇ. ಅಳತೆ ತಪ್ಪಿದ್ದು ಮಳೆ ಜೋರಾಗಿದ್ದರಿಂದಲೇ. ತಿಂಗಳ ಸರಾಸರಿಯನ್ನು ಆ ಮನೆಗಳಿಗೆ ತುಂಬಿದರೆ, ಅತಿ ಹೆಚ್ಚು ಮಳೆ ಬಂದ ದಿನಗಳಿಗೆ ಸಾಧಾರಣ ಮಳೆ ಬರೆದಂತಾಗುತ್ತದೆ. 23 ಅಳತೆಗಳು ಒಟ್ಟು 27 ದಿನದ ಮಳೆ, ದಿನಕ್ಕೆ 1.28ರಂತೆ ನಾಲ್ಕು ದಿನ ಸೇರಿಸಿದರೆ ಜುಲೈ ಸುಮಾರು 39.6 ಇಂಚಾಗುತ್ತದೆ. ಕಡಿಮೆಯೇ.

ಪಕ್ಕದ ತೋಟದ ಪುಸ್ತಕ ಕೇಳಿ ತರಿಸಿದೆ. ನಮ್ಮಲ್ಲಿ ಅಳತೆ ಇರುವ 27 ದಿನಗಳಿಗೆ ಅವರದ್ದು 30.00 ಇಂಚು, ನಮ್ಮದು 34.50. ಅಂದರೆ ನಮ್ಮಲ್ಲಿ 1.15 ಪಟ್ಟು. ಕಳೆದುಹೋದ ನಾಲ್ಕು ದಿನ ಅವರಿಗೆ 8.00 ಇಂಚು ಬಂದಿದೆ, ನಮಗೆ 9.20 ಎಂದು ಅಂದಾಜು. ಒಟ್ಟು 43.70. ಘಟ್ಟದ ಅಂಚಿನಲ್ಲಿ ಮೂರ್ನಾಲ್ಕು ಕಿಲೋಮೀಟರಿಗೇ ಮಳೆ ಬದಲಾಗುತ್ತದೆ, ಹಾಗಾಗಿ ಎರಡೂ ಪುಸ್ತಕಗಳು ಉಳಿದ ದಿನಗಳಲ್ಲಿ ಒಟ್ಟಿಗೆ ಏರಿಳಿದಿವೆಯೇ ಎಂದು ನೋಡಿಕೊಂಡ ಮೇಲಷ್ಟೇ ಈ ಲೆಕ್ಕ ಮಾಡಿ.

ಯಾವುದನ್ನೂ ಮೂಲ ಕಾಲಂನಲ್ಲಿ ತುಂಬಬಾರದು. ಪಕ್ಕದಲ್ಲಿ ಹೊಸ ಕಾಲಂ ಮಾಡಿ ಪ್ರತಿ ಖಾಲಿಗೂ ಒಂದು ಗುರುತು ಬರೆಯಿರಿ: "ಸೊನ್ನೆ", "ಕೂಡಿದೆ", "ಕಳೆದಿದೆ". ಅಂದಾಜಿನ ಅಂಕಿಗೆ ಇನ್ನೊಂದು ಕಾಲಂ. ಮೊದಮೊದಲು ನಾನು ಇದನ್ನೆಲ್ಲ ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ಮೂರು ವಾರ ಬಿಟ್ಟು ನೋಡಿದರೆ ಯಾವುದು ಅಳತೆ, ಯಾವುದು ಅಂದಾಜು ಅಂತ ನನಗೇ ತಿಳಿಯುತ್ತಿರಲಿಲ್ಲ.

ಈಗ ಪ್ರಶ್ನೆ. ಅವರು ಕೇಳಿಲ್ಲ, ನಾವೇ ಆರಿಸಬೇಕು. ಯಾಕೆಂದರೆ ಒಂದೇ ಖಾಲಿ ಒಂದು ಪ್ರಶ್ನೆಗೆ ತೊಂದರೆ ಕೊಡುವುದಿಲ್ಲ, ಇನ್ನೊಂದಕ್ಕೆ ಕೊಡುತ್ತದೆ. ತಿಂಗಳ ಮೊತ್ತ ಬೇಕಿದ್ದರೆ ಭಾನುವಾರದ ಖಾಲಿಗಳಿಂದ ಏನೂ ಕೆಡುವುದಿಲ್ಲ. ಮಳೆ ಬಂದ ದಿನಗಳೆಷ್ಟು ಎಂದು ಎಣಿಸಲು ಹೋದರೆ ಅವೇ ಅಡ್ಡ ಬರುತ್ತವೆ. ಅತಿ ಜೋರು ಮಳೆಯ ದಿನ ಯಾವುದು ಎಂದರೆ ಸೋಮವಾರದ 3.40 ಮೇಲೆ ಬರುತ್ತದೆ, ಆದರೆ ಅದು ಎರಡು ದಿನದ್ದು.

ಚಿಕ್ಕಪ್ಪನಿಗೆ ಹೀಗೆ ಬರೆದು ಕಳಿಸಿದೆ: "ಜುಲೈ 43.70 ಇಂಚು, ಅದರಲ್ಲಿ 9.20 ಅಂದಾಜು. ಅತಿ ಜೋರು ಮಳೆಯ ದಿನ ಈ ಪುಸ್ತಕದಿಂದ ಹೇಳಲು ಬರುವುದಿಲ್ಲ." ಅವರಿಂದ ಬಂದ ಮರುಮಾತು: "ಅದಿರ್ಲಿ, ಹೂಮಳೆ ಎಷ್ಟು ಅಂತ ಹೇಳು." ಕಾಫಿ ಹೂ ಅರಳಿಸುವ ಆ ಮಳೆಯ ಲೆಕ್ಕಕ್ಕೆ ಮಾರ್ಚ್ ತಿಂಗಳ ಖಾಲಿಗಳನ್ನು ಮತ್ತೆ ತೆಗೆದು ಕೂತೆ.