ಫ್ಲಶ್ ಟ್ಯಾಂಕಿನ ‘ಸುಂಯ್’ ನಿಲ್ಲಿಸಿದ ಕಥೆ

ಕಾಸರಗೋಡಿನ ವಿದ್ಯಾನಗರದಲ್ಲಿ ಆರು ಮಾಳಿಗೆಯ ಒಂದು ಫ್ಲಾಟ್. ಒಂದನೇ ಮಾಳಿಗೆಯ ಒಂದು ಮನೆಯಲ್ಲಿ ಯಾರಾದರೂ ಫ್ಲಶ್ ಮಾಡಿದರೆ, ಟ್ಯಾಂಕ್ ತುಂಬುವ ಸದ್ದಿಗೆ ಪಕ್ಕದ ಮನೆಯ ಟೀಚರಿಗೆ ನಿದ್ದೆ ಕೆಡುತ್ತಿತ್ತು. ಅಲ್ಲಿನ ಸೆಕ್ರೆಟರಿ, "ಇದೆಲ್ಲ ಆಗುವ ಕೆಲಸ ಅಲ್ಲ ಮಾರಾಯ, ಸುಮ್ನೆ ದುಡ್ಡು ದಂಡ" ಅಂದಿದ್ದರು. ಆಯಿತು ನೋಡಿ. ಮೂರು ಸಲ ಸೋತ ಮೇಲೆ ಅನ್ನಿ.

ಮೊದಲು ಎಲ್ಲರ ಹಾಗೆ ಆಂಗಲ್ ಕಾಕ್ ಅರ್ಧ ತಿರುಗಿಸಿದೆ. ಸದ್ದು ಜಾಸ್ತಿಯೇ ಆಯಿತು! ಟೆರೇಸಿನ ಟ್ಯಾಂಕಿನಿಂದ ಅಲ್ಲಿಗೆ ಹದಿನೇಳು ಮೀಟರ್ ಎತ್ತರ ಇರಬಹುದು, ಅಂದರೆ ಹತ್ತಿರ ಹತ್ತಿರ ಒಂದೂ ಮುಕ್ಕಾಲು ಕೆಜಿ ಪ್ರೆಶರ್. ಅಷ್ಟು ಪ್ರೆಶರಿನ ನೀರು ಸಣ್ಣ ಸಂದಿಯಲ್ಲಿ ನುಗ್ಗಿದರೆ ಶಿಳ್ಳೆ ಹೊಡೆಯದೆ ಇರುತ್ತದಾ?

ಮತ್ತೆ ಟ್ಯಾಂಕಿಗೆ ನೀರು ತುಂಬಿಸುವ ಫಿಲ್ ವಾಲ್ವ್ ಬಿಚ್ಚಿದೆ. ಒಳಗಿನ ಜಾಲರಿಯಲ್ಲಿ ಬೋರಿನ ಕೆಂಪು ಕೆಸರು. ತೊಳೆದರೂ ಸಾಲಲಿಲ್ಲ, ವಾಷರ್ ಸವೆದಿತ್ತು. ಐನೂರು ಚಿಲ್ಲರೆಗೆ ಹೊಸದು ಹಾಕಿದೆ. ಶಿಳ್ಳೆ ತಗ್ಗಿತು, ಆದರೆ ಖಾಲಿ ಟ್ಯಾಂಕಿಗೆ ನೀರು ಮೇಲಿಂದ ದಬದಬ ಬೀಳತೊಡಗಿತು. ವಾಲ್ವಿನ ಬಾಯಿಗೆ ಟ್ಯೂಬ್ ಸಿಕ್ಕಿಸಿ ತಳದವರೆಗೆ ಇಳಿಸಿದೆ. ವಾಲ್ವಿನ ಮೇಲಿನ ಗಾಳಿ ತೂತು ಮಾತ್ರ ಮುಚ್ಚಬೇಡಿ, ಲೈನ್ ಖಾಲಿಯಾದಾಗ ಫ್ಲಶ್ ನೀರು ವಾಪಸ್ ಪೈಪಿಗೆ ಹೀರಿಕೊಂಡೀತು.

ಆದರೂ ಪಕ್ಕದ ಮನೆಯಲ್ಲಿ 'ಗುಂಯ್'. ಉದ್ದದ ಸ್ಕ್ರೂಡ್ರೈವರಿನ ತುದಿ ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಅಂಗುಲ ಅಂಗುಲ ಕೇಳುತ್ತಾ ಹೋದೆ. ಮುರಕಲ್ಲಿನ ಗೋಡೆ ದಾಟುವ ಕಡೆ ಸಿಪಿವಿಸಿ ಪೈಪಿನ ಸುತ್ತ ಸಿಮೆಂಟ್ ಗಟ್ಟಿಯಾಗಿ ತುಂಬಿದ್ದರು. ಪೈಪ್ ನಡುಗಿದರೆ ಇಡೀ ಗೋಡೆಯೇ ಸ್ಪೀಕರ್! ಒಡೆದು, ಎಸಿ ಪೈಪಿಗೆ ಹಾಕುವ ಕಪ್ಪು ರಬ್ಬರ್ ಕವರ್ ತೊಡಿಸಿ, ಕ್ಲಾಂಪ್‌ಗಳಿಗೂ ರಬ್ಬರ್ ಕೊಟ್ಟೆ. ತೂತಿನ ಬಾಯಿಗೆ ಸಿಮೆಂಟ್ ಬದಲು ಏನು ತುಂಬಿದೆ ಅಂತ ಮಾತ್ರ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಒಡೆದ ಟೈಲಿಗೆ ಜೋಡಿ ಸಿಗದೆ ಸಾವಿರ ಚಿಲ್ಲರೆ ನನ್ನ ಕೈಯಿಂದ ಹೋಯಿತು.

ಕೊನೆಗೆ ಪೈಪುಗಳು ಇಳಿಯುವ ಶಾಫ್ಟಿನಲ್ಲಿ, ಫ್ಲಶ್ ಇರುವ ಮನೆಯ ಲೈನಿಗೆ ಪ್ರೆಶರ್ ಕಮ್ಮಿ ಮಾಡುವ ವಾಲ್ವ್ ಹಾಕಿ ಒಂದು ಕೆಜಿಗೆ ಇಳಿಸಿದೆ. ಎರಡು ಸಾವಿರದ ಆಸುಪಾಸು. ಅದಕ್ಕೂ ಸ್ವಲ್ಪ ಸದ್ದಿದೆ, ಆದರೆ ಶಾಫ್ಟಿನೊಳಗೆ ಯಾರು ಕೇಳುತ್ತಾರೆ? ಆಂಗಲ್ ಕಾಕ್ ಈಗ ಪೂರ್ತಿ ತೆರೆದೇ ಇದೆ. ಟ್ಯಾಂಕ್ ತುಂಬಲು ಮೊದಲಿಗಿಂತ ಅರ್ಧ ನಿಮಿಷ ಜಾಸ್ತಿ ಬೇಕು, ಶವರ್ ಕೂಡ ಸ್ವಲ್ಪ ಮೆತ್ತಗಾಗಿದೆ. ಆ ಮನೆಯವರು ಒಂದು ವಾರ ಗೊಣಗಿದರು.

ಅದೇ ಹುರುಪಿನಲ್ಲಿ ಮೇಲಿನ ಮನೆಯ ಕಕ್ಕಸಿನ ನೀರು ಇಳಿಯುವ ಸಾಯಿಲ್ ಪೈಪಿಗೂ ಥರ್ಮೋಕೋಲ್ ಸುತ್ತಿ ನೋಡಿದೆ. ಏನೂ ಪ್ರಯೋಜನವಿಲ್ಲ. ಹಗುರದ ವಸ್ತು ಸದ್ದು ತಡೆಯುವುದಿಲ್ಲ, ತೂಕ ಬೇಕು. ಒಳಗೆ ಗ್ಲಾಸ್ ವುಲ್, ಹೊರಗೆ ದಪ್ಪ ರಬ್ಬರ್ ಮ್ಯಾಟ್ ಬಿಗಿದಾಗ ನೇರ ಪೈಪ್ ಸುಮ್ಮನಾಯಿತು. ಆದರೆ ಕೆಳಗಿನ ಬೆಂಡಿನಲ್ಲಿ ನೀರು ಅಪ್ಪಳಿಸುವ ಸದ್ದು ಈಗಲೂ ಕೇಳುತ್ತದೆ. ಅಲ್ಲಿ ಒಂದೇ 90 ಡಿಗ್ರಿ ಬೆಂಡ್ ತೆಗೆದು ಎರಡು 45 ಹಾಕಬೇಕು, ಅದಕ್ಕೆ ಸ್ಲ್ಯಾಬ್ ಕೆಳಗೆ ಜಾಗ ಸಾಲುತ್ತಿಲ್ಲ.