ಅಟ್ಟದಿಂದ ಇಳಿಸಿದ ವೀಣೆಗೆ ಬೆಲೆ ಕಟ್ಟುವುದು ಹೇಗೆ?

ಹಳೆಯ ವೀಣೆಯನ್ನು ತೋರಿಸಲು ಬರುವವರು ಮೊದಲು ಹೇಳುವುದು ವಯಸ್ಸನ್ನೇ. "ನಮ್ಮ ಮುತ್ತಜ್ಜಿಯದು ಸಾರ್, ನೂರೈವತ್ತು ವರ್ಷ ಆಗಿದೆ." ಹೋದ ವರ್ಷ ಮೈಸೂರಿನ ಒಂದು ಮನೆಯಿಂದ ಬಂದ ವೀಣೆಯ ಜೊತೆಗೂ ಇದೇ ಮಾತು ಬಂತು. ಅದನ್ನು ನೋಡಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ತಂತಿಗಳನ್ನು ನಿಧಾನವಾಗಿ ಸಡಿಲಿಸಿ, ವೀಣೆಯನ್ನು ದಪ್ಪ ಜಮಖಾನದ ಮೇಲೆ ಮಲಗಿಸಿ. ಒರೆಸಬೇಡಿ, ಎಣ್ಣೆ ಹಚ್ಚಬೇಡಿ. ಧೂಳಿನಲ್ಲೂ ಗುರುತುಗಳಿರುತ್ತವೆ.

ವೀಣೆಯಲ್ಲಿ ತಂತಿ, ಮೇಣ, ಮೆಟ್ಟಿಲು, ಬಿರಡೆ, ಸೋರೆಬುರುಡೆ ಇವೆಲ್ಲ ಬದಲಾಗುತ್ತಲೇ ಇರುವ ಭಾಗಗಳು. ಇವುಗಳಿಂದ ವಯಸ್ಸು ಹೇಳಲು ಹೊರಟರೆ ಎಡವುತ್ತೀರಿ. ನಮ್ಮ ಮುಂದಿದ್ದ ವೀಣೆಯ ಬುರುಡೆ ಫೈಬರ್‌ದು. ಹಾಗೆಂದು ವೀಣೆ ಹೊಸದಾಗುವುದಿಲ್ಲ. ಸೋರೆ ಒಡೆದಾಗ ಯಾರೋ ಬದಲಿಸಿದ್ದಾರೆ, ಅಷ್ಟೆ. ವಯಸ್ಸನ್ನು ಹುಡುಕಬೇಕಾದದ್ದು ಗುಂಡನೆಯ ಕೊಡ ಮತ್ತು ಉದ್ದನೆಯ ದಂಡಿಯ ಮರದಲ್ಲಿ.

ಮುಂದೆ ನೋಡಿದ್ದು ತಂತಿ ಕಟ್ಟುವ ತುದಿಯ ಹಿತ್ತಾಳೆ ತಗಡು. ಅದನ್ನು ಹಿಡಿದಿದ್ದ ಸ್ಕ್ರೂನ ತಲೆಯ ಮೇಲೆ ಕೂಡಿಸುವ ಚಿಹ್ನೆಯ ಗೀರಿತ್ತು. ಇಂಥ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಇದನ್ನು ಕಂಡ ತಕ್ಷಣ ನೂರೈವತ್ತರ ಮಾತು ಸುಳ್ಳೆಂದು ನಿರ್ಧರಿಸಿಬಿಡಬಹುದಿತ್ತು. ಆದರೆ ಸ್ಕ್ರೂ ಬಿಚ್ಚಿ ನೋಡಿದಾಗ ಪಕ್ಕದಲ್ಲೇ, ತಗಡಿನ ಕೆಳಗೆ, ಮೇಣ ತುಂಬಿ ಮುಚ್ಚಿದ ಇನ್ನೊಂದು ತೂತು ಸಿಕ್ಕಿತು. ಅಂದರೆ ಸ್ಕ್ರೂ ರಿಪೇರಿಯ ಕಾಲದ್ದು, ವೀಣೆ ಅದಕ್ಕಿಂತ ಹಳೆಯದು. ಎಷ್ಟು ಹಳೆಯದು ಎಂಬುದನ್ನು ಆ ತೂತು ಹೇಳಲಾರದು.

ಅದನ್ನು ಹೇಳಿದ್ದು ಅವರ ಮನೆಯ ಒಂದು ಫೋಟೊ. ಹಿಂಬದಿಯಲ್ಲಿ ಸ್ಟುಡಿಯೊದ ಮೊಹರು, 1938 ಎಂಬ ಇಸವಿ. ಅಜ್ಜಿಯ ತೊಡೆಯ ಮೇಲೆ ವೀಣೆ. ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿ ಮುಖದ ಎಡಗಿವಿಯ ತುದಿ ಮುರಿದದ್ದು ಫೋಟೊದಲ್ಲೂ ಕಾಣುತ್ತಿತ್ತು, ನಮ್ಮ ಕೈಯಲ್ಲಿದ್ದ ವೀಣೆಯಲ್ಲೂ. ಹೀಗೆ 1938ರ ಹೊತ್ತಿಗೇ ಇದ್ದದ್ದು ಎಂದು ಖಾತ್ರಿಯಾಗಿ ಬರೆಯಬಹುದಾಯಿತು. ನೂರೈವತ್ತು ಎಂದು ಬರೆಯಲು ಆಧಾರವಿರಲಿಲ್ಲ, ನಾನು ಬರೆಯಲಿಲ್ಲ.

ಮಾಡಿದವರು ಯಾರು ಎಂಬುದು ಇನ್ನೂ ಕಷ್ಟ. ಪಿಟೀಲಿನ ಒಳಗಿರುವಂಥ ಚೀಟಿ ಹಳೆಯ ವೀಣೆಗಳಲ್ಲಿ ಸಿಗುವುದು ಅಪರೂಪ. ರಶೀದಿಯೋ ಪತ್ರವೋ ಇದ್ದರೆ ಹೆಸರು ಬರೆಯಿರಿ, ಇಲ್ಲದಿದ್ದರೆ ಶೈಲಿಯನ್ನಷ್ಟೇ ಬರೆಯಿರಿ. ಜೊತೆಗೆ ಏಕಾಂಡವೋ ಜೋಡಿಸಿದ್ದೋ ನೋಡಬೇಕು. ಏಕಾಂಡ ವೀಣೆಯಲ್ಲಿ ಕೊಡ, ದಂಡಿ ಎಲ್ಲವೂ ಒಂದೇ ಹಲಸಿನ ದಿಮ್ಮಿಯಿಂದ ಬಂದಿರುತ್ತವೆ. ಕೊಡ ದಂಡಿಗೆ ಸೇರುವಲ್ಲಿ, ಹಿಂಬದಿಯಲ್ಲಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮರದ ಎಳೆ ತುಂಡಾಗದೆ ಹರಿದಿದ್ದರೆ ಏಕಾಂಡ. ನಮ್ಮದರಲ್ಲಿ ಅಲಂಕಾರದ ಪಟ್ಟಿಯ ಕೆಳಗೆ ಎಳೆಯ ದಿಕ್ಕೇ ಬದಲಾಗಿತ್ತು. ಜೋಡಿಸಿದ ವೀಣೆ.

ಅಂಚಿನ ಬಿಳಿ ಕೆತ್ತನೆಯನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು. ಸಣ್ಣ ಕಪ್ಪು ಚುಕ್ಕೆಗಳೋ ಗೀರುಗಳೋ ಇದ್ದರೆ ಮೂಳೆ. ಅಡ್ಡ ಕೊಯ್ದ ಮುಖದಲ್ಲಿ ಗೆರೆಗಳು ಒಂದನ್ನೊಂದು ದಾಟುವ ಬಲೆಯಂತೆ ಕಂಡರೆ ಆನೆದಂತ. ಏನೂ ಇಲ್ಲದೆ ಒಂದೇ ಸಮ ಇದ್ದರೆ ಪ್ಲಾಸ್ಟಿಕ್ ಇರಬಹುದು. ಕಾಯಿಸಿದ ಸೂಜಿ ಚುಚ್ಚಿ ನೋಡುವ ಹಳೆಯ ಪದ್ಧತಿ ಬೇಡ, ಆ ಕಲೆ ಹೋಗುವುದಿಲ್ಲ. ದಂತವೆಂಬ ಸಂಶಯ ಬಂದರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ ಅರಣ್ಯ ಇಲಾಖೆಯನ್ನು ಕೇಳಿ. ವನ್ಯಜೀವಿ ಕಾಯ್ದೆಯ ಪ್ರಕಾರ ದಂತದ ವಸ್ತುವನ್ನು ಮಾರುವಂತಿಲ್ಲ, ಅಜ್ಜಿಯದಾದರೂ ಸರಿ. ನಮ್ಮದು ಮೂಳೆಯಾಗಿತ್ತು.

ಕೊನೆಗೆ ಸ್ಥಿತಿ. ಮೇಣ ಬಿರಿದು ಮೆಟ್ಟಿಲುಗಳು ಅಲುಗುತ್ತಿದ್ದರೆ ಹೆದರಬೇಡಿ, ಮೇಣ ಕಟ್ಟಿಸಿದರೆ ಸರಿಹೋಗುತ್ತದೆ. ಹೆದರಬೇಕಾದದ್ದು ದಂಡಿ ಬಾಗಿದ್ದಕ್ಕೆ. ದಂಡಿಯ ಪಕ್ಕಕ್ಕೆ ಉದ್ದಕ್ಕೂ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ನಡುವೆ ಸಂದು ಕಂಡರೆ ಬಾಗಿದೆ. ತಂತಿಗಳನ್ನು ಹೊರುವ ಕುದುರೆಯ ಕೆಳಗಿನ ಹಲಗೆ ಕುಸಿದಿದೆಯೇ ಎಂದು ಅಡ್ಡಕ್ಕೆ ಸ್ಕೇಲ್ ಇಟ್ಟು ನೋಡಿ. ಆಮೇಲೆ ಕೆಳಗೆ ಕಪ್ಪು ಬಟ್ಟೆ ಹಾಸಿ ಕೊಡವನ್ನು ಮೆಲ್ಲಗೆ ತಟ್ಟಿ. ಹೊಸ ಬಿಳಿ ಹಿಟ್ಟು ಉದುರಿದರೆ ಕುಟ್ಟೆ ಹುಳು ಇನ್ನೂ ಒಳಗೆ ಬದುಕಿರಬಹುದು. ನಮ್ಮ ವೀಣೆಯಲ್ಲಿ ಹುಳು ಇರಲಿಲ್ಲ, ದಂಡಿ ನೆಟ್ಟಗಿತ್ತು, ಹಲಗೆ ಮಾತ್ರ ಕೊಂಚ ತಗ್ಗಿತ್ತು.

ಬೆಲೆಯ ಲೆಕ್ಕ ಹೀಗೆ. ಅದೇ ಬಗೆಯ ಹೊಸ ಜೋಡಿಸಿದ ವೀಣೆಯ ದರವನ್ನು ಇಬ್ಬರು ತಯಾರಕರಲ್ಲಿ ಕೇಳಿ. ಸರಾಸರಿ 40,000 ರೂಪಾಯಿ, ಹಲಗೆ ಮತ್ತು ಮೇಣದ ಕೆಲಸಕ್ಕೆ 12,000 ಎಂದಿಟ್ಟುಕೊಳ್ಳಿ. ಉಳಿಯುವ 28,000 ನುಡಿಸುವವರು ಕೊಡಬಹುದಾದ ಬೆಲೆ. ಹಳೆಯದೆಂಬುದಕ್ಕೆ ಇದರ ಮೇಲೆ ಸೇರಿಸುವುದು ದಾಖಲೆ ಇದ್ದಷ್ಟೇ. ಹಾಗಾಗಿ ಆ ಮನೆಯವರಿಗೆ ನಾನು ಹೇಳಿದ್ದು, ವೀಣೆಯನ್ನು ಕೊಟ್ಟರೆ ಆ ಫೋಟೊದ ಪ್ರತಿಯನ್ನೂ ಜೊತೆಗೆ ಕೊಡಿ ಎಂದು.