ಟಿಕೆಟ್‌ನ 00:25 ಅಂದರೆ ಯಾವತ್ತಿನ ರಾತ್ರಿ?

ರಾಯಚೂರಿನಲ್ಲಿ ನನ್ನ ಕೆಲಸವೇ ರೈಲು ಟಿಕೆಟ್ ತೆಗೆದುಕೊಟ್ಟು, ಅದರ ಮೇಲಿನ ಟೈಮನ್ನು ಜನರಿಗೆ ಬಾಯಿಮಾತಿನಲ್ಲಿ ಹೇಳುವುದು. ಟಿಕೆಟ್ 24 ಗಂಟೆಯ ಲೆಕ್ಕದಲ್ಲಿರುತ್ತದೆ, ನಮ್ಮ ಮಾತು 12ರ ಲೆಕ್ಕದಲ್ಲಿರುತ್ತದೆ. ಮಧ್ಯಾಹ್ನದ ನಂತರದ ಗಂಟೆಗಳಿಗೆ 12 ಕಳೆದರೆ ಆಯಿತು. ಆದರೆ ಅವಸರದಲ್ಲಿ ಮುಂದಿನ ಅಂಕಿಯನ್ನೇ ಬಿಟ್ಟು 17ನ್ನು ಏಳು, 18ನ್ನು ಎಂಟು ಎಂದು ಓದುವವರು ಬಹಳ. ಹಾಗೆ ಓದಿದರೆ 12 ಬದಲು 10 ಕಳೆದಂತಾಗಿ, ಮನುಷ್ಯ ಸ್ಟೇಷನ್ನಿಗೆ ಎರಡು ತಾಸು ತಡವಾಗಿ ಬರುತ್ತಾನೆ. ಅದಕ್ಕೇ ನಾನು ನಾಲ್ಕು ಗೂಟ ನೆಟ್ಟುಕೊಂಡಿದ್ದೇನೆ: 15 ಅಂದರೆ ಮೂರು, 18 ಅಂದರೆ ಆರು, 21 ಅಂದರೆ ಒಂಬತ್ತು, 00 ಅಂದರೆ ನಡುರಾತ್ರಿಯ ಹನ್ನೆರಡು. 20 ಕಂಡರೆ 21ರ ಗೂಟದಿಂದ ಒಂದು ಹಿಂದೆ ಬಂದು ಎಂಟು ಎನ್ನುತ್ತೇನೆ.

ನಿಮಿಷ ಹೇಳುವಾಗ ಒಂದು ಎಚ್ಚರ ಬೇಕು. 19:40ನ್ನು 'ಎಂಟಕ್ಕ ಇಪ್ಪತ್ತು ಕಮ್ಮಿ' ಎಂದರೆ ಲೆಕ್ಕ ಸರಿಯೇ, ಆದರೆ ಗದ್ದಲದಲ್ಲಿ ಕೇಳುವವರ ಕಿವಿಯಲ್ಲಿ ಉಳಿಯುವುದು 'ಎಂಟು' ಮಾತ್ರ. ಹಾಗಾಗಿ 'ಸಂಜಿ ಏಳು ಹೊಡದು ನಲವತ್ತು ನಿಮಿಷ' ಎನ್ನುತ್ತೇನೆ. 19:45 ಇದ್ದರೆ 'ಏಳೂ ಮುಕ್ಕಾಲು'. ಗಂಟೆಯ ಹೆಸರು ಕೆಳಗಿನದೇ ಇರಲಿ.

ಇವೆಲ್ಲ ಅಭ್ಯಾಸದಿಂದ ಸರಿಹೋಗುತ್ತವೆ. ನಿಜವಾದ ತೊಡಕು ಇರುವುದು 00:00ರಿಂದ ಸುಮಾರು 03:00ರವರೆಗಿನ ಗಾಡಿಗಳಲ್ಲಿ, ಅದೂ ಗಂಟೆಯಲ್ಲಲ್ಲ, ವಾರದಲ್ಲಿ. ಟಿಕೆಟ್‌ನಲ್ಲಿ `Departure` ಎಂಬಲ್ಲಿ 15ನೇ ತಾರೀಖು, 00:25 ಎಂದಿದೆ ಅನ್ನಿ. ಆ 15 ರವಿವಾರ. ಓದಿದವರು 'ರವಿವಾರ ರಾತ್ರಿ ಹನ್ನೆರಡು ಇಪ್ಪತ್ತೈದಕ್ಕ ಗಾಡಿ' ಎಂದು ಹೇಳಿ ಕಳಿಸುತ್ತಾರೆ. ಕೇಳಿದವರು ರವಿವಾರ ಹಗಲೆಲ್ಲ ಮನೆಯಲ್ಲಿದ್ದು, ರಾತ್ರಿ ಉಂಡು, ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಅವರ ಗಾಡಿ ಅಷ್ಟರಲ್ಲಿ ಹೋಗಿ 24 ತಾಸಾಗಿರುತ್ತದೆ. ರಾತ್ರಿ ಅದೇ ಹೊತ್ತಿಗೆ ಅದೇ ಗಾಡಿ ಬಂದರೆ ಹತ್ತಿಯೂ ಬಿಡುತ್ತಾರೆ. ಅವರ ಸೀಟಿನಲ್ಲಿ ಬೇರೆಯವರು ಕೂತಿರುವುದನ್ನು ಕಂಡಾಗಲೇ ತಪ್ಪು ಗೊತ್ತಾಗುವುದು.

ಇದು ಓದು ಬಾರದವರ ತಪ್ಪಲ್ಲ. ಪಂಚಾಂಗದಲ್ಲಿ ವಾರ ಶುರುವಾಗುವುದು ಸೂರ್ಯೋದಯಕ್ಕೆ. ನಮ್ಮ ಮಾತೂ ಹಾಗೆಯೇ ನಡೆಯುತ್ತದೆ: ಬೆಳಕು ಹರಿಯುವ ತನಕ ಅದು ಶನಿವಾರದ ರಾತ್ರಿಯೇ. ರೈಲ್ವೆಯ ತಾರೀಖು ಮಾತ್ರ ನಡುರಾತ್ರಿಗೇ ಬದಲಾಗಿಬಿಟ್ಟಿರುತ್ತದೆ. ಎರಡೂ ಲೆಕ್ಕ ತಮ್ಮ ತಮ್ಮ ಜಾಗದಲ್ಲಿ ಸರಿ. ದಾಟಿಸಿ ಹೇಳುವ ಹೊಣೆ ಟಿಕೆಟ್ ಓದುವವರದು.

ಅಂಥ ಟಿಕೆಟ್ ಕೈಗೆ ಬಂದರೆ ಮೊದಲು `Boarding At` ಎಂದು ಬರೆದಿರುವ ಊರಿನ ಹೆಸರು ನೋಡಿ, ಅದರ ಕೆಳಗಿನ ತಾರೀಖು ಮತ್ತು ಟೈಮು ಎರಡನ್ನೂ ಒಟ್ಟಿಗೆ ಓದುತ್ತೇನೆ. ಗಂಟೆ 00, 01, 02 ಇದ್ದರೆ ತಾರೀಖಿನಿಂದ ಒಂದು ದಿನ ಹಿಂದೆ ಬಂದು, ಆ ದಿನದ ಊಟದಿಂದ ಮಾತು ಶುರುಮಾಡುತ್ತೇನೆ: 'ಶನಿವಾರ ರಾತ್ರಿ ಉಂಡು ಸ್ಟೇಷನ್ನಿಗಿ ಹೋಗ್ರಿ. ಹನ್ನೆರಡು ಹೊಡದು ಇಪ್ಪತ್ತೈದು ನಿಮಿಷಕ್ಕ ಗಾಡಿ. ರವಿವಾರ ಬೆಳಕು ಹರಿಯೂದ್ರಾಗ ನೀವು ಗಾಡ್ಯಾಗ ಇರ್ತೀರಿ.' ಎರಡೂ ವಾರದ ಹೆಸರು ಬರಲೇಬೇಕು.

ಆಮೇಲೆ 'ತಿಳೀತೇನ್ರಿ' ಎಂದು ಕೇಳುವುದಿಲ್ಲ, ಏಕೆಂದರೆ ಎಲ್ಲರೂ ಹೂಂ ಅನ್ನುತ್ತಾರೆ. 'ಯಜಮಾನ್ರ, ಯಾವತ್ತು ಉಂಡು ಮನಿ ಬಿಡ್ತೀರಿ?' ಎಂದು ಕೇಳುತ್ತೇನೆ. 'ಶನಿವಾರ' ಎಂಬ ಉತ್ತರ ಬಂದರೆ ಮಾತು ತಲುಪಿದೆ. 'ರವಿವಾರ' ಅಂದರೆ ಮತ್ತೆ ಮೊದಲಿನಿಂದ. ಟಿಕೆಟ್‌ನ ಹಿಂದೆ ಪೆನ್ನಿನಲ್ಲಿ 'ಶನಿವಾರ ರಾತ್ರಿ 12:25' ಎಂದು ದಪ್ಪಕ್ಕೆ ಬರೆದೂ ಕೊಡುತ್ತೇನೆ.

03:40, 04:15ರ ಗಾಡಿಗಳಿಗೆ ಇಷ್ಟು ತೊಂದರೆಯಿಲ್ಲ. ಅದಕ್ಕೆ ನಮ್ಮಲ್ಲಿ ನಸುಕು ಎಂಬ ಮಾತಿದೆ, 'ರವಿವಾರ ನಸುಕಿನ್ಯಾಗ' ಎಂದರೆ ಹೆಚ್ಚಿನವರಿಗೆ ಟಿಕೆಟ್‌ನ ತಾರೀಖೇ ಹೊಳೆಯುತ್ತದೆ. ಆದರೂ ಊಟದ ಪ್ರಶ್ನೆ ಕೇಳುವುದನ್ನು ಬಿಡುವುದಿಲ್ಲ.

ಇದೇ ತೊಡಕು ಟಿಕೆಟ್ ತೆಗೆಯುವಾಗ ತಿರುವುಮುರುವಾಗಿ ಬರುತ್ತದೆ. 'ಶನಿವಾರ ರಾತ್ರಿ ಗಾಡಿಗಿ ತೆಗೀರಿ' ಎಂದು ಕೇಳಿದವರಿಗೆ ಬೇಕಾದ ಗಾಡಿ 00:25ರದ್ದಾದರೆ, ಹಾಕಬೇಕಾದ ತಾರೀಖು ರವಿವಾರದ್ದು. ಶನಿವಾರದ ತಾರೀಖು ಹಾಕಿದರೆ ಶುಕ್ರವಾರ ರಾತ್ರಿ ಉಂಡು ಹೊರಡುವ ಗಾಡಿಯ ಟಿಕೆಟ್ ಬಂದುಬಿಡುತ್ತದೆ. ಹಣ ಕಟ್ಟುವ ಮೊದಲೇ ಅದೇ ಪ್ರಶ್ನೆ ಕೇಳಿಕೊಂಡರೆ ರದ್ದು ಮಾಡುವ ಖರ್ಚು ಉಳಿಯುತ್ತದೆ.

ಇನ್ನು ಕೌಂಟರಿನ ಜನರಲ್ ಟಿಕೆಟ್ ತಂದು ಅದರ ಮೇಲಿನ ಟೈಮಿಗೆ ಗಾಡಿ ಎಂದುಕೊಳ್ಳುವವರೂ ಇದ್ದಾರೆ. ಅದು ಟಿಕೆಟ್ ಕೊಟ್ಟ ಹೊತ್ತು, ಗಾಡಿಯ ಹೊತ್ತಲ್ಲ. ಗಾಡಿಯ ಟೈಮನ್ನು ಸ್ಟೇಷನ್ನಿನ ಬೋರ್ಡಿನಲ್ಲೇ ನೋಡಬೇಕು.